ಶೇ 99.83 ಅಕ್ಯುರಸಿ, ಒಂದೂ ವಂಚನೆ ಸಿಕ್ಕಿಲ್ಲ: ಕ್ಲಾಸಿಫೈಯರ್‌ಗಳನ್ನು ಹೋಲಿಸುವಾಗ ಯಾವ ಅಂಕ ನೋಡಬೇಕು

ಒಂದೇ ದತ್ತಾಂಶದ ಮೇಲೆ ಮೂರು ನಾಲ್ಕು ಕ್ಲಾಸಿಫೈಯರ್‌ಗಳನ್ನು, ಅಂದರೆ ಬಂದದ್ದು ಯಾವ ವರ್ಗಕ್ಕೆ ಸೇರಿದ್ದು ಎಂದು ಹೇಳುವ ಮಾದರಿಗಳನ್ನು, ತರಬೇತುಗೊಳಿಸಿದ ಮೇಲೆ, ಅವುಗಳಲ್ಲಿ ಯಾವುದನ್ನು ಬಳಕೆಗೆ ತರಬೇಕು ಎಂಬ ಪ್ರಶ್ನೆ ಬಂದಾಗ ಹೆಚ್ಚಿನವರು ಮೊದಲು ನೋಡುವುದು ಅಕ್ಯುರಸಿಯನ್ನು. ನೂರರಲ್ಲಿ ಎಷ್ಟು ಉತ್ತರ ಸರಿ ಎಂಬುದು ಎಲ್ಲರಿಗೂ ಅರ್ಥವಾಗುವ ಅಳತೆ. ಎರಡು ವರ್ಗಗಳು ಹೆಚ್ಚುಕಡಿಮೆ ಸಮವಾಗಿದ್ದಾಗ ಅದರಿಂದ ತೊಂದರೆಯೂ ಇಲ್ಲ. ಆದರೆ ನಾವು ಹುಡುಕುತ್ತಿರುವ ವರ್ಗ ಸಾವಿರಕ್ಕೆ ಒಂದೋ ಎರಡೋ ಇರುವಂಥ ದತ್ತಾಂಶದಲ್ಲಿ ಅದೇ ಅಂಕ ನಮ್ಮನ್ನು ತಪ್ಪು ಮಾದರಿಯ ಕಡೆಗೆ ಕೊಂಡೊಯ್ಯುತ್ತದೆ. ಇದು ಹೇಗೆ ಆಗುತ್ತದೆ, ಆಗ ಯಾವ ಅಂಕಗಳನ್ನು ಯಾವ ಕ್ರಮದಲ್ಲಿ ನೋಡಿ ಆಯ್ಕೆ ಮಾಡಬೇಕು ಎಂಬುದನ್ನು ಒಂದೇ ಉದಾಹರಣೆಯನ್ನು ಹಿಡಿದು ಇಲ್ಲಿ ವಿವರಿಸುತ್ತೇನೆ.

ಉದಾಹರಣೆಗೆ ಆರಿಸಿಕೊಂಡಿರುವುದು ಈ ವಿಷಯ ಕಲಿಯುವವರಲ್ಲಿ ಬಹಳ ಮಂದಿ ಬಳಸಿರುವ ಕ್ರೆಡಿಟ್ ಕಾರ್ಡ್ ವಂಚನೆಯ ದತ್ತಾಂಶ. ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿರುವ ಯುಎಲ್‌ಬಿ ವಿಶ್ವವಿದ್ಯಾಲಯದ ಮೆಷಿನ್ ಲರ್ನಿಂಗ್ ತಂಡ ಇದನ್ನು ಸಾರ್ವಜನಿಕ ಬಳಕೆಗೆ ಬಿಟ್ಟಿದೆ. 2013ರ ಸೆಪ್ಟೆಂಬರ್ ತಿಂಗಳ ಎರಡು ದಿನಗಳಲ್ಲಿ ಯುರೋಪಿನ ಕಾರ್ಡುದಾರರು ನಡೆಸಿದ 2,84,807 ವ್ಯವಹಾರಗಳು ಇದರಲ್ಲಿವೆ. ಅವುಗಳಲ್ಲಿ ವಂಚನೆ ಎಂದು ಗುರುತಾದವು 492 ಮಾತ್ರ, ಅಂದರೆ ಸುಮಾರು 579 ವ್ಯವಹಾರಗಳಿಗೆ ಒಂದು. ಗ್ರಾಹಕರ ಗುಟ್ಟು ಕಾಪಾಡಲು ಮೂಲ ವಿವರಗಳನ್ನು, ಹಲವು ಕಾಲಂಗಳನ್ನು ಬೆರೆಸಿ ಹೊಸ ಕಾಲಂಗಳನ್ನಾಗಿಸುವ ಪಿಸಿಎ ವಿಧಾನದ ಮೂಲಕ ಪರಿವರ್ತಿಸಿ `V1` ರಿಂದ `V28` ವರೆಗಿನ ಕಾಲಂಗಳಲ್ಲಿ ಕೊಟ್ಟಿದ್ದಾರೆ. ಪರಿವರ್ತಿಸದೆ ಉಳಿಸಿರುವ ವಿವರಗಳು `Time` ಮತ್ತು `Amount`. `Class` ಕಾಲಂನಲ್ಲಿ 1 ಇದ್ದರೆ ಅದು ವಂಚನೆ, 0 ಇದ್ದರೆ ಸಾಚಾ ವ್ಯವಹಾರ.

ಈ ದತ್ತಾಂಶದ ಐದನೇ ಒಂದು ಭಾಗವನ್ನು, ಎರಡೂ ವರ್ಗಗಳ ಪ್ರಮಾಣ ಕೆಡದಂತೆ, ಪರೀಕ್ಷೆಗೆ ತೆಗೆದಿಟ್ಟರೆ 56,962 ವ್ಯವಹಾರಗಳು ಸಿಗುತ್ತವೆ. ಅವುಗಳಲ್ಲಿ 98 ವಂಚನೆಗಳು, ಉಳಿದ 56,864 ಸಾಚಾ. ಈಗ ಏನನ್ನೂ ಕಲಿಯದ, ಯಾವ ವ್ಯವಹಾರ ಬಂದರೂ ಕಣ್ಣುಮುಚ್ಚಿ ‘ಸಾಚಾ’ ಎಂದು ಉತ್ತರಿಸುವ ಒಂದು ಮಾದರಿಯನ್ನು ಊಹಿಸಿಕೊಳ್ಳಿ. ಅದು 56,962ರಲ್ಲಿ 56,864 ಬಾರಿ ಸರಿ ಹೇಳುತ್ತದೆ, ಹಾಗಾಗಿ ಅದರ ಅಕ್ಯುರಸಿ ಶೇ 99.83. ಹಿಡಿದ ವಂಚನೆ ಸೊನ್ನೆ. ಇಂಥ ದತ್ತಾಂಶ ಕೈಗೆ ಬಂದಾಗ ಯಾವ ಮಾದರಿಯನ್ನೂ ತರಬೇತುಗೊಳಿಸುವ ಮೊದಲೇ ಈ ಸಂಖ್ಯೆಯನ್ನು ಲೆಕ್ಕಹಾಕಿ ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ಯಾರಾದರೂ ‘ನಮ್ಮ ಮಾದರಿಯ ಅಕ್ಯುರಸಿ ಶೇ 99.8’ ಎಂದರೆ, ಅದು ಏನೂ ಮಾಡದ ಮಾದರಿಗಿಂತ ಮೇಲೋ ಕೆಳಗೋ ಎಂಬುದನ್ನು ಅಳೆಯಲು ಬೇರೆ ಮಾನದಂಡವಿಲ್ಲ.

ಮೂರು ಮಾದರಿಗಳ ಹೋಲಿಕೆ

ಈಗ ನಮ್ಮ ಮುಂದೆ ಮೂರು ನಿಜವಾದ ಆಯ್ಕೆಗಳಿವೆ ಎಂದುಕೊಳ್ಳೋಣ. ಪರೀಕ್ಷಾ ಭಾಗದ ಸಂಖ್ಯೆಗಳು ಮೇಲೆ ಹೇಳಿದವೇ. ಮಾದರಿಗಳ ಫಲಿತಾಂಶಗಳನ್ನು ಮಾತ್ರ ಲೆಕ್ಕ ತಿಳಿಯಾಗಿ ಕಾಣಲೆಂದು ನಾನೇ ಇಟ್ಟಿದ್ದೇನೆ.

| ಮಾದರಿ | ಹಿಡಿದ ವಂಚನೆ | ತಪ್ಪಿಸಿಕೊಂಡ ವಂಚನೆ | ಸುಳ್ಳು ಎಚ್ಚರಿಕೆ | ಅಕ್ಯುರಸಿ | ಪ್ರಿಸಿಷನ್ | ರಿಕಾಲ್ |
|---|---|---|---|---|---|---|
| ಏನೂ ಮಾಡದ್ದು | 0 | 98 | 0 | ಶೇ 99.83 | ಇಲ್ಲ | ಶೇ 0 |
| ಕ | 60 | 38 | 5 | ಶೇ 99.92 | ಶೇ 92.3 | ಶೇ 61.2 |
| ಖ | 80 | 18 | 25 | ಶೇ 99.92 | ಶೇ 76.2 | ಶೇ 81.6 |
| ಗ | 88 | 10 | 1,300 | ಶೇ 97.70 | ಶೇ 6.3 | ಶೇ 89.8 |

ಪ್ರಿಸಿಷನ್ ಎಂದರೆ ಮಾದರಿ ‘ವಂಚನೆ’ ಎಂದು ಕೂಗಿದವುಗಳಲ್ಲಿ ನಿಜವಾಗಿ ವಂಚನೆಯಾಗಿದ್ದವು ಎಷ್ಟು ಎಂಬ ಪ್ರಮಾಣ. ‘ಖ’ ಒಟ್ಟು 105 ಬಾರಿ ಎಚ್ಚರಿಸಿತು, ಅದರಲ್ಲಿ 80 ನಿಜವಾದವು, ಆದ್ದರಿಂದ ಶೇ 76.2. ರಿಕಾಲ್ ಎಂದರೆ ನಿಜವಾಗಿ ನಡೆದ ವಂಚನೆಗಳಲ್ಲಿ ಮಾದರಿಯ ಕೈಗೆ ಸಿಕ್ಕವು ಎಷ್ಟು ಎಂಬ ಪ್ರಮಾಣ. ಅಲ್ಲಿ ಭಾಗಿಸುವುದು 105ರಿಂದಲ್ಲ, 98ರಿಂದ. ಎರಡರಲ್ಲೂ ಅಂಶದ ಸ್ಥಾನದಲ್ಲಿರುವುದು ಅದೇ 80, ಛೇದ ಮಾತ್ರ ಬೇರೆ. ಸಾಚಾ ಎಂದು ಸರಿಯಾಗಿ ಬಿಟ್ಟುಬಿಟ್ಟ ಐವತ್ತಾರು ಸಾವಿರಕ್ಕೂ ಹೆಚ್ಚು ವ್ಯವಹಾರಗಳು ಈ ಎರಡೂ ಲೆಕ್ಕಗಳಲ್ಲಿ ಎಲ್ಲಿಯೂ ಬರುವುದಿಲ್ಲ ಎಂಬುದನ್ನು ಗಮನಿಸಿ. ಅಕ್ಯುರಸಿಯನ್ನು ಉಬ್ಬಿಸುವುದು ಆ ಸುಲಭದ ರಾಶಿಯೇ. ಅದನ್ನು ಲೆಕ್ಕದಿಂದ ಹೊರಗಿಟ್ಟ ಕೂಡಲೇ ಮಾದರಿಗಳ ನಡುವಿನ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ.

ಕೋಷ್ಟಕದಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು ‘ಕ’ ಮತ್ತು ‘ಖ’ ಸಾಲುಗಳು. ಎರಡರ ಅಕ್ಯುರಸಿಯೂ ಒಂದೇ, ಎಷ್ಟು ದಶಮಾಂಶದವರೆಗೆ ಬರೆದರೂ ಒಂದೇ, ಏಕೆಂದರೆ ಎರಡೂ ಒಟ್ಟು 43 ತಪ್ಪುಗಳನ್ನು ಮಾಡಿವೆ. ಆದರೆ ‘ಕ’ 38 ವಂಚನೆಗಳನ್ನು ಬಿಟ್ಟುಬಿಟ್ಟಿದೆ, ‘ಖ’ ಬಿಟ್ಟದ್ದು 18 ಮಾತ್ರ. ಆ ಹೆಚ್ಚುವರಿ 20 ವಂಚನೆಗಳನ್ನು ಹಿಡಿಯಲು ‘ಖ’ ತೆತ್ತ ಬೆಲೆ 20 ಹೆಚ್ಚುವರಿ ಸುಳ್ಳು ಎಚ್ಚರಿಕೆಗಳು. ಒಬ್ಬ ಗ್ರಾಹಕರ ಖಾತೆಯಿಂದ ಹಣ ಹೋಗುವುದೂ, ಇನ್ನೊಬ್ಬ ಗ್ರಾಹಕರಿಗೆ ‘ಈ ಖರೀದಿ ನಿಮ್ಮದೇ ತಾನೆ’ ಎಂದು ಒಂದು ಸಂದೇಶ ಹೋಗುವುದೂ ಸಮಾನ ನಷ್ಟ ಎಂದು ಯಾವ ಬ್ಯಾಂಕೂ ಒಪ್ಪುವುದಿಲ್ಲ. ಆದರೆ ಅಕ್ಯುರಸಿ ಒಪ್ಪುತ್ತದೆ. ಅದರ ಸೂತ್ರದಲ್ಲಿ ಎರಡು ಬಗೆಯ ತಪ್ಪುಗಳಿಗೂ ಒಂದೇ ತೂಕ. ಅಕ್ಯುರಸಿಯನ್ನು ನೋಡಿ ಮಾದರಿ ಆರಿಸುವವರು, ತಮಗೆ ಗೊತ್ತಿಲ್ಲದೆಯೇ, ತಪ್ಪಿಸಿಕೊಂಡ ಒಂದು ವಂಚನೆಗೂ ಒಂದು ಸುಳ್ಳು ಎಚ್ಚರಿಕೆಗೂ ಸಮಾನ ಬೆಲೆ ಕಟ್ಟಿರುತ್ತಾರೆ.

‘ಗ’ ಮಾದರಿಯ ವಿಷಯ ಇನ್ನೂ ಸ್ಪಷ್ಟ. ಅದರ ಅಕ್ಯುರಸಿ ಏನೂ ಮಾಡದ ಮಾದರಿಗಿಂತ ಎರಡು ಶೇಕಡಾಂಶ ಕಡಿಮೆ, ಆದರೂ ಹತ್ತರಲ್ಲಿ ಒಂಬತ್ತು ವಂಚನೆಗಳನ್ನು ಅದು ಹಿಡಿದಿದೆ. ತರಬೇತಿಯ ವೇಳೆ ಅಪರೂಪದ ವರ್ಗಕ್ಕೆ ಹೆಚ್ಚು ತೂಕ ಕೊಟ್ಟಾಗ, ಉದಾಹರಣೆಗೆ ಲಾಜಿಸ್ಟಿಕ್ ರಿಗ್ರೆಶನ್‌ಗೆ `class_weight="balanced"` ಎಂದು ಕೊಟ್ಟಾಗ, ಇಂಥ ಫಲಿತಾಂಶ ಬರುವುದು ಸಾಮಾನ್ಯ. ಪ್ರಿಸಿಷನ್ ಶೇ 6.3 ಎಂಬುದು ಕೇಳಲು ತೀರ ಕಳಪೆ ಎನಿಸಬಹುದು. ಆದರೆ ಕುರುಡಾಗಿ ಆರಿಸಿದರೆ 579 ವ್ಯವಹಾರಗಳಿಗೆ ಒಂದು ವಂಚನೆ ಸಿಗುವ ಕಡೆ, ಈ ಮಾದರಿ ಎಚ್ಚರಿಸಿದವುಗಳಲ್ಲಿ ಸುಮಾರು 16ಕ್ಕೆ ಒಂದು ಸಿಗುತ್ತದೆ. ಗ್ರಾಹಕರಿಗೆ ತಾನಾಗಿಯೇ ಎಸ್ಸೆಮ್ಮೆಸ್ ಕಳಿಸಿ ಖಚಿತಪಡಿಸಿಕೊಳ್ಳುವ ವ್ಯವಸ್ಥೆಗೆ ಇದು ಸಾಕಾಗಬಹುದು. ಎಚ್ಚರಿಕೆ ಬಂದ ಕೂಡಲೇ ಕಾರ್ಡನ್ನೇ ತಡೆಹಿಡಿಯುವ ವ್ಯವಸ್ಥೆಗೆ ಖಂಡಿತ ಸಾಲದು, ಏಕೆಂದರೆ ಹದಿನಾರರಲ್ಲಿ ಹದಿನೈದು ಮಂದಿ ತಪ್ಪಿಲ್ಲದೆ ಅಂಗಡಿಯ ಕೌಂಟರಿನ ಮುಂದೆ ನಿಂತಿರಬೇಕಾಗುತ್ತದೆ.

ಆಯ್ಕೆ ಮಾಡುವ ಲೆಕ್ಕ

ಹಾಗಾದರೆ ಮೂರರಲ್ಲಿ ಯಾವುದು? ಪ್ರಿಸಿಷನ್ ಮತ್ತು ರಿಕಾಲ್ ಎರಡನ್ನೂ ಅಕ್ಕಪಕ್ಕ ಇಟ್ಟರೂ ಉತ್ತರ ತಾನಾಗಿ ಬರುವುದಿಲ್ಲ, ಏಕೆಂದರೆ ಒಂದು ಏರಿದಲ್ಲಿ ಇನ್ನೊಂದು ಇಳಿದಿದೆ. ನಾನು ಸೂಚಿಸುವ ಕ್ರಮ ಹೀಗಿದೆ: ಮಾದರಿಗಳನ್ನು ರಿಕಾಲ್‌ನ ಏರಿಕೆಯ ಕ್ರಮದಲ್ಲಿ ಸಾಲಾಗಿ ಇಟ್ಟು, ಒಂದರಿಂದ ಮುಂದಿನದಕ್ಕೆ ಹೋಗುವಾಗ ಹೆಚ್ಚಿಗೆ ಸಿಗುವ ಪ್ರತಿಯೊಂದು ವಂಚನೆಗೆ ಎಷ್ಟು ಹೆಚ್ಚುವರಿ ಸುಳ್ಳು ಎಚ್ಚರಿಕೆಗಳನ್ನು ತೆರಬೇಕಾಗುತ್ತದೆ ಎಂದು ನೋಡಿ. ‘ಕ’ದಿಂದ ‘ಖ’ಕ್ಕೆ ಹೋದರೆ 20 ವಂಚನೆಗೆ 20 ಎಚ್ಚರಿಕೆ, ಅಂದರೆ ಒಂದಕ್ಕೆ ಒಂದು. ‘ಖ’ದಿಂದ ‘ಗ’ಕ್ಕೆ ಹೋದರೆ 8 ವಂಚನೆಗೆ 1,275 ಎಚ್ಚರಿಕೆ, ಅಂದರೆ ಒಂದಕ್ಕೆ ಸುಮಾರು 160.

ಈಗ ಪ್ರಶ್ನೆ ವ್ಯವಹಾರ ನಡೆಸುವವರ ಮುಂದೆ ಇಡಬಹುದಾದ ರೂಪಕ್ಕೆ ಬಂದಿತು. ತಪ್ಪಿಸಿಕೊಂಡ ಒಂದು ವಂಚನೆಯಿಂದ ಆಗುವ ನಷ್ಟ ಒಂದು ಸುಳ್ಳು ಎಚ್ಚರಿಕೆಯ ನಷ್ಟದ ಎಷ್ಟು ಪಟ್ಟು? ಅದು 50 ಪಟ್ಟು ಎಂದಾದರೆ, ಸುಳ್ಳು ಎಚ್ಚರಿಕೆಯ ಬೆಲೆಯನ್ನೇ ಒಂದು ಘಟಕವೆಂದು ಹಿಡಿದು, ‘ಕ’ದ ಒಟ್ಟು ನಷ್ಟ 38ನ್ನು 50ರಿಂದ ಗುಣಿಸಿ 5 ಕೂಡಿದರೆ 1,905 ಆಗುತ್ತದೆ, ‘ಖ’ದ್ದು 925, ‘ಗ’ದ್ದು 1,800. ಗೆಲ್ಲುವುದು ‘ಖ’. ಅದೇ 200 ಪಟ್ಟು ಎಂದಾದರೆ ‘ಖ’ದ ನಷ್ಟ 3,625, ‘ಗ’ದ್ದು 3,300. ಆಗ ‘ಗ’ವೇ ಮೇಲು. ಗಡಿ ಇರುವುದು ಆಗಲೇ ಲೆಕ್ಕಹಾಕಿದ ಸುಮಾರು 160ರಲ್ಲಿ. ನಷ್ಟದ ನಿಖರ ಮೊತ್ತ ಯಾರ ಬಳಿಯೂ ಇರಲಾರದು, ಆದರೆ ‘160 ಪಟ್ಟಿಗಿಂತ ಹೆಚ್ಚೋ ಕಡಿಮೆಯೋ’ ಎಂಬ ಪ್ರಶ್ನೆಗೆ ಆ ಕೆಲಸ ಬಲ್ಲವರು ಸಾಮಾನ್ಯವಾಗಿ ಉತ್ತರಿಸಬಲ್ಲರು. ಎರಡು ತಪ್ಪುಗಳ ಬೆಲೆ ಸಮ ಎಂದಾದಾಗ ‘ಕ’ ಮತ್ತು ‘ಖ’ ಸಮವಾಗುತ್ತವೆ, ಅಕ್ಯುರಸಿ ತೋರಿಸಿದ್ದೂ ಅದನ್ನೇ.

ಪ್ರಿಸಿಷನ್ ಮತ್ತು ರಿಕಾಲ್ ಎರಡನ್ನೂ ಒಂದೇ ಸಂಖ್ಯೆಯಾಗಿ ಬೆಸೆಯುವ ಎಫ್1 ಅಂಕವನ್ನು ನೋಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಇಲ್ಲಿ ‘ಕ’ದ ಎಫ್1 ಶೇ 73.6, ‘ಖ’ದ್ದು ಶೇ 78.8, ‘ಗ’ದ್ದು ಶೇ 11.8. ಅಕ್ಯುರಸಿಗಿಂತ ಇದು ಎಷ್ಟೋ ಮೇಲು, ‘ಕ’ ಮತ್ತು ‘ಖ’ಗಳನ್ನು ಬೇರ್ಪಡಿಸಿಯೂ ತೋರಿಸುತ್ತದೆ. ಆದರೆ ಅದೂ ಪ್ರಿಸಿಷನ್ ಮತ್ತು ರಿಕಾಲ್‌ಗಳಿಗೆ ತನ್ನದೇ ಒಂದು ತೂಕವನ್ನು ಕೊಡುತ್ತದೆಯೇ ಹೊರತು ನಿಮ್ಮ ಕೆಲಸದ ತೂಕವನ್ನಲ್ಲ. ನಷ್ಟ 200 ಪಟ್ಟು ಇರುವಲ್ಲಿ ಎಫ್1 ನೋಡಿ ‘ಗ’ವನ್ನು ಕೈಬಿಟ್ಟವರು ತಪ್ಪು ಆಯ್ಕೆಯನ್ನೇ ಮಾಡಿರುತ್ತಾರೆ.

ಇನ್ನೊಂದು ಬಗೆಯ ಮಿತಿಯೂ ಇರಬಹುದು: ಎಚ್ಚರಿಕೆಗಳನ್ನು ಪರಿಶೀಲಿಸುವುದು ಮನುಷ್ಯರೇ ಆಗಿದ್ದು, ಅವರಿಂದ ಇಂತಿಷ್ಟೇ, ನೂರೇ ಎನ್ನಿ, ಸಾಧ್ಯ ಎಂದಿದ್ದರೆ, ವ್ಯವಹಾರಗಳನ್ನು ಮಾದರಿ ಕೊಟ್ಟ ಅಂಕದ ಇಳಿಕೆಯ ಕ್ರಮದಲ್ಲಿ ಜೋಡಿಸಿ, ಮೊದಲ ನೂರರಲ್ಲಿ ನಿಜವಾದ ವಂಚನೆಗಳು ಎಷ್ಟಿವೆ ಎಂಬುದೊಂದನ್ನೇ ಹೋಲಿಸಿದರೆ ಸಾಕು.

ಹೋಲಿಸುತ್ತಿರುವುದು ಮಾದರಿಯನ್ನೋ, ಥ್ರೆಶೋಲ್ಡನ್ನೋ

ಮೇಲಿನ ಕೋಷ್ಟಕವನ್ನು ನೋಡುವಾಗ ಒಂದು ಅನುಮಾನ ಬರಬೇಕು. ‘ಕ’, ‘ಖ’, ‘ಗ’ ಮೂರೂ ಒಂದೇ ಮಾದರಿಯಾಗಿರಲು ಸಾಧ್ಯವಿದೆ. ಹೆಚ್ಚಿನ ಕ್ಲಾಸಿಫೈಯರ್‌ಗಳು ಒಳಗೆ ಕೊಡುವುದು ಹೌದು ಅಲ್ಲ ಎಂಬ ಉತ್ತರವನ್ನಲ್ಲ, 0ರಿಂದ 1ರ ನಡುವಿನ ಒಂದು ಅಂಕವನ್ನು. ಆ ಅಂಕ 0.5ನ್ನು ದಾಟಿದರೆ ‘ವಂಚನೆ’ ಎನ್ನುವುದು `predict` ಪಾಲಿಸುವ ರೂಢಿ ಮಾತ್ರ. ಹೀಗೆ ದಾಟಬೇಕಾದ ಗಡಿಯೇ ಥ್ರೆಶೋಲ್ಡ್. ಅದನ್ನು ಕೆಳಗಿಳಿಸಿದರೆ ಹೆಚ್ಚು ವಂಚನೆಗಳು ಸಿಗುತ್ತವೆ, ಜೊತೆಗೆ ಸುಳ್ಳು ಎಚ್ಚರಿಕೆಗಳೂ ಹೆಚ್ಚುತ್ತವೆ. ಮೇಲಕ್ಕೇರಿಸಿದರೆ ಇದರ ತಿರುಗುಮುರುಗು. ಆದ್ದರಿಂದ ಎರಡು ಮಾದರಿಗಳನ್ನು 0.5ರಲ್ಲೇ ನಿಲ್ಲಿಸಿ ಒಂದರ ಪ್ರಿಸಿಷನ್ ಹೆಚ್ಚು, ಇನ್ನೊಂದರ ರಿಕಾಲ್ ಹೆಚ್ಚು ಎಂದು ವಾದಿಸುವುದರಲ್ಲಿ ಹುರುಳಿಲ್ಲ. ಎರಡನ್ನೂ ಒಂದೇ ರಿಕಾಲ್‌ಗೆ ತಂದು, ಅಲ್ಲಿ ಯಾವುದರ ಪ್ರಿಸಿಷನ್ ಹೆಚ್ಚು ಎಂದು ನೋಡಬೇಕು.

ಪೈಥಾನ್‌ನ ಸೈಕಿಟ್‌ಲರ್ನ್ ಬಳಸುವವರು ಇದನ್ನು ಹೀಗೆ ಮಾಡಬಹುದು. ಥ್ರೆಶೋಲ್ಡನ್ನು ಆರಿಸುವುದು ತರಬೇತಿಗೂ ಪರೀಕ್ಷೆಗೂ ಬಳಸದೆ ಬೇರೆಯಾಗಿ ಇಟ್ಟ ವ್ಯಾಲಿಡೇಶನ್ ಭಾಗದಲ್ಲಿ, ಎಣಿಸುವುದು ಪರೀಕ್ಷಾ ಭಾಗದಲ್ಲಿ. ಎರಡನ್ನೂ ಒಂದೇ ಭಾಗದಲ್ಲಿ ಮಾಡಿದರೆ ಅಂಕ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.

```python
from sklearn.metrics import precision_recall_curve, confusion_matrix

p = model.predict_proba(X_val)[:, 1]
prec, rec, thr = precision_recall_curve(y_val, p)
ok = rec[:-1] >= 0.80
t = thr[ok][prec[:-1][ok].argmax()]

pred = (model.predict_proba(X_test)[:, 1] >= t).astype(int)
tn, fp, fn, tp = confusion_matrix(y_test, pred).ravel()
```

ಕೊನೆಯ ಸಾಲಿನಲ್ಲಿ ಸಿಗುವ ನಾಲ್ಕು ಎಣಿಕೆಗಳನ್ನು ಶೇಕಡಾವಾರು ಅಂಕಗಳಿಗಿಂತ ಮೊದಲು ನೋಡುವುದು ಒಳ್ಳೆಯದು. `fn` ತಪ್ಪಿಸಿಕೊಂಡ ವಂಚನೆ, `fp` ಸುಳ್ಳು ಎಚ್ಚರಿಕೆ. ಆಯ್ಕೆಯ ಲೆಕ್ಕಕ್ಕೆ ಬೇಕಾದದ್ದು ಈ ಎರಡೇ. ಎಲ್ಲ ಥ್ರೆಶೋಲ್ಡ್‌ಗಳನ್ನೂ ಒಟ್ಟಿಗೆ ನೋಡಬೇಕೆಂದರೆ ಪ್ರಿಸಿಷನ್ ಮತ್ತು ರಿಕಾಲ್‌ಗಳ ವಕ್ರರೇಖೆಯ ಕೆಳಗಿನ ವಿಸ್ತೀರ್ಣವನ್ನು ಹೋಲಿಸಬಹುದು. ಈ ದತ್ತಾಂಶವನ್ನು ಪ್ರಕಟಿಸಿದವರೂ ಅಕ್ಯುರಸಿಯನ್ನು ಬಿಟ್ಟು ಅದನ್ನೇ ಬಳಸುವಂತೆ ಸೂಚಿಸಿದ್ದಾರೆ. ರಿಕಾಲ್ ಅನ್ನು ಸಾಚಾ ವ್ಯವಹಾರಗಳಲ್ಲಿನ ಸುಳ್ಳು ಎಚ್ಚರಿಕೆಗಳ ದರದ ಎದುರು ಇಟ್ಟು ತೋರಿಸುವ ಆರ್‌ಒಸಿ ರೇಖೆ ಇಲ್ಲಿ ಅಷ್ಟು ನೆರವಾಗುವುದಿಲ್ಲ. ‘ಗ’ ಮಾದರಿಯ 1,300 ಸುಳ್ಳು ಎಚ್ಚರಿಕೆಗಳನ್ನು ಆರ್‌ಒಸಿ 56,864ರಿಂದ ಭಾಗಿಸಿ ಶೇ 2.3 ಎಂದು ತೋರಿಸುತ್ತದೆ, ಆಗ ಅದು ಅತ್ಯುತ್ತಮ ಮಾದರಿಯಂತೆ ಕಾಣುತ್ತದೆ.

ಪ್ರಿಸಿಷನ್, ರಿಕಾಲ್ ಎಂಬ ಹೆಸರಿನಲ್ಲೇ ದಾರಿ ತಪ್ಪಿಸುವ ಅಂಕಗಳು

ಅಕ್ಯುರಸಿಯನ್ನು ಬಿಟ್ಟು ಪ್ರಿಸಿಷನ್ ಮತ್ತು ರಿಕಾಲ್‌ಗಳನ್ನು ವರದಿ ಮಾಡಿದ ಮಾತ್ರಕ್ಕೆ ಸಮಸ್ಯೆ ಮುಗಿಯುವುದಿಲ್ಲ. ಮೊದಲು ಕೇಳಬೇಕಾದದ್ದು, ಯಾವ ವರ್ಗದ ಪ್ರಿಸಿಷನ್ ಎಂದು. ಏನೂ ಮಾಡದ ಮಾದರಿಯಲ್ಲಿ ‘ಸಾಚಾ’ ವರ್ಗದ ಪ್ರಿಸಿಷನ್ ಶೇ 99.83, ರಿಕಾಲ್ ಶೇ 100. ವರ್ಗದ ಹೆಸರನ್ನು ಹೇಳದೆ ಈ ಎರಡು ಅಂಕಗಳನ್ನು ಮುಂದಿಟ್ಟರೆ ಯಾರಾದರೂ ಮೆಚ್ಚಿಯಾರು. ಇದಕ್ಕಿಂತ ಸೂಕ್ಷ್ಮವಾದದ್ದು ಸರಾಸರಿಯ ಬಲೆ. `classification_report` ಕೆಳಗಿನ ಸಾಲಿನಲ್ಲಿ `weighted avg` ಎಂದು ಕೊಡುತ್ತದೆ. ಅಲ್ಲಿ ಪ್ರತಿ ವರ್ಗದ ರಿಕಾಲ್ ಅನ್ನು ಆ ವರ್ಗದ ಸಂಖ್ಯೆಯಿಂದ ತೂಗಿ ಕೂಡಲಾಗುತ್ತದೆ, ಹಾಗೆ ಕೂಡಿದಾಗ ಬರುವುದು ಲೆಕ್ಕದ ಪ್ರಕಾರ ಅಕ್ಯುರಸಿಯೇ, ಬೇರೇನೂ ಅಲ್ಲ. ಆ ಸಾಲಿನಲ್ಲಿ ರಿಕಾಲ್ `1.00` ಎಂದು ಮುದ್ರಣವಾಗಿದ್ದರೂ ವಂಚನೆಯ ರಿಕಾಲ್ ಸೊನ್ನೆ ಆಗಿರಬಹುದು. ಓದಬೇಕಾದದ್ದು `1` ಎಂದು ಗುರುತಿರುವ ಸಾಲನ್ನು ಮಾತ್ರ. ಮಾದರಿ ಒಂದೇ ಒಂದು ಎಚ್ಚರಿಕೆಯನ್ನೂ ಕೊಡದಿದ್ದರೆ ಪ್ರಿಸಿಷನ್‌ನ ಛೇದವೇ ಸೊನ್ನೆಯಾಗುತ್ತದೆ, ಆಗ ಸೈಕಿಟ್‌ಲರ್ನ್ `UndefinedMetricWarning` ಎಂದು ಎಚ್ಚರಿಸಿ 0 ಎಂದು ತುಂಬಿಸುತ್ತದೆ. ಆ ಎಚ್ಚರಿಕೆಯನ್ನು ಅಡಗಿಸಿ ಮುಂದೆ ಹೋಗುವವರು ಮಾದರಿ ಏನನ್ನೂ ಕಲಿತಿಲ್ಲ ಎಂಬ ಸುದ್ದಿಯನ್ನೇ ಅಡಗಿಸಿದಂತಾಗುತ್ತದೆ.

ನಾನು ಎಲ್ಲಕ್ಕಿಂತ ಗಂಭೀರವೆಂದು ಎಣಿಸುವ ತಪ್ಪು ಪರೀಕ್ಷಾ ಭಾಗವನ್ನೇ ಸಮತೋಲಗೊಳಿಸುವುದು. ತರಬೇತಿಯಲ್ಲಿ ಸಾಚಾ ವ್ಯವಹಾರಗಳನ್ನು ಕಡಿಮೆ ಮಾಡುವುದಾಗಲಿ, ಸ್ಮೋಟ್ ಬಳಸಿ ಕೃತಕ ವಂಚನೆಗಳನ್ನು ಸೇರಿಸುವುದಾಗಲಿ ತಪ್ಪಲ್ಲ. ಆದರೆ ಕೆಲವರು ಇಡೀ ದತ್ತಾಂಶವನ್ನು ಮೊದಲು ಸಮಗೊಳಿಸಿ, ಆಮೇಲೆ ತರಬೇತಿ ಮತ್ತು ಪರೀಕ್ಷೆಗೆ ಪಾಲು ಮಾಡುತ್ತಾರೆ. ‘ಗ’ ಮಾದರಿಯನ್ನೇ 98 ವಂಚನೆ ಮತ್ತು 98 ಸಾಚಾ ವ್ಯವಹಾರಗಳ ಮೇಲೆ ಪರೀಕ್ಷಿಸಿದೆವು ಎಂದುಕೊಳ್ಳಿ. 88 ವಂಚನೆಗಳು ಸಿಗುತ್ತವೆ. ಶೇ 2.3ರ ದರದಲ್ಲಿ ಸುಳ್ಳು ಎಚ್ಚರಿಕೆಗಳು ಎರಡೇ ಬರುತ್ತವೆ. ಪ್ರಿಸಿಷನ್ ಶೇ 97.8! ಮಾದರಿ ಅದೇ, ಥ್ರೆಶೋಲ್ಡ್ ಅದೇ, ಆದರೆ ನಿಜವಾದ ಬಳಕೆಗೆ ಇಳಿದ ದಿನ ಅದರ ಪ್ರಿಸಿಷನ್ ಶೇ 6.3ಕ್ಕೆ ಬರುತ್ತದೆ. ಅಪರೂಪದ ವರ್ಗದ ಮೇಲೆ ರಿಕಾಲ್ ಮತ್ತು ಪ್ರಿಸಿಷನ್ ಎರಡೂ ತೊಂಬತ್ತರ ಮೇಲಿವೆ ಎಂದು ಯಾರಾದರೂ ಹೇಳಿದರೆ, ಪರೀಕ್ಷಾ ಭಾಗದಲ್ಲಿ ಎರಡೂ ವರ್ಗಗಳ ಎಣಿಕೆ ಎಷ್ಟಿತ್ತು ಎಂದು ಮೊದಲು ಕೇಳಿ.

ಎಣಿಕೆ ಚಿಕ್ಕದಾಗಿರುವುದರಿಂದ ಬರುವ ಅನಿಶ್ಚಿತತೆಯನ್ನೂ ಮರೆಯಬಾರದು. ಪರೀಕ್ಷೆಯಲ್ಲಿ ಐವತ್ತಾರು ಸಾವಿರಕ್ಕೂ ಹೆಚ್ಚು ವ್ಯವಹಾರಗಳಿದ್ದರೂ ರಿಕಾಲ್ ನಿಂತಿರುವುದು 98ರ ಮೇಲೆ. ಒಂದೇ ಒಂದು ವಂಚನೆ ಈಚೆಗೋ ಆಚೆಗೋ ಆದರೆ ರಿಕಾಲ್ ಒಂದು ಶೇಕಡಾಂಶ ಕದಲುತ್ತದೆ. ‘ಖ’ದ ಶೇ 81.6 ಎಂಬುದನ್ನು, ಶೇ 95ರ ವಿಶ್ವಾಸದ ಮಟ್ಟದಲ್ಲಿ, ಸರಿಸುಮಾರು ಶೇ 73ರಿಂದ 88ರ ನಡುವೆ ಎಲ್ಲಿಯೋ ಎಂದೇ ಓದಬೇಕು. ‘ಕ’ ಮತ್ತು ‘ಖ’ಗಳ ನಡುವಿನ 20 ವಂಚನೆಗಳ ಅಂತರ ನಂಬಲರ್ಹ. ಎರಡು ವಂಚನೆಗಳ ಅಂತರವಿದ್ದರೆ ಯಾವುದು ಮೇಲು ಎಂದು ಹೇಳಲು ಈ ಪರೀಕ್ಷೆ ಸಾಲದು.

ಅಕ್ಯುರಸಿಯೇ ಸಾಕಾಗುವ ಸಂದರ್ಭಗಳೂ ಇವೆ. ಕೈಬರಹದ ಅಂಕಿಗಳ ಎಂನಿಸ್ಟ್ ದತ್ತಾಂಶದಲ್ಲಿ 70,000 ಚಿತ್ರಗಳಿದ್ದು ಹತ್ತು ಅಂಕಿಗಳೂ ಹೆಚ್ಚುಕಡಿಮೆ ಸಮ ಪ್ರಮಾಣದಲ್ಲಿವೆ. 3ನ್ನು 8 ಎಂದು ಓದುವುದಕ್ಕೂ 8ನ್ನು 3 ಎಂದು ಓದುವುದಕ್ಕೂ ನಷ್ಟದಲ್ಲಿ ವ್ಯತ್ಯಾಸವಿಲ್ಲ. ಅಲ್ಲಿ ಎರಡು ಮಾದರಿಗಳನ್ನು ಅಕ್ಯುರಸಿಯಿಂದ ಹೋಲಿಸಿದರೆ ಯಾವ ದೋಷವೂ ಇಲ್ಲ.

ಆಯ್ಕೆ ಮಾಡಿದ ಮಾದರಿಯನ್ನು ಬಳಕೆಗೆ ಬಿಟ್ಟ ಮೇಲೆ ಅಂಕಗಳನ್ನು ಮತ್ತೆ ನೋಡುವಾಗ ಒಂದು ವಿಷಯ ಗೊತ್ತಿರಬೇಕು. ವಂಚನೆಗಳ ಪ್ರಮಾಣ ಅರ್ಧಕ್ಕೆ ಇಳಿಯಿತು, ಮಾದರಿ ಮಾತ್ರ ಮೊದಲಿನಷ್ಟೇ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದುಕೊಳ್ಳಿ. 98ರ ಬದಲು 49 ವಂಚನೆಗಳಿದ್ದು ‘ಖ’ ಅದರಲ್ಲಿ 40ನ್ನು ಹಿಡಿಯುತ್ತದೆ, ರಿಕಾಲ್ ಬದಲಾಗದೆ ಶೇ 81.6ರಲ್ಲೇ ನಿಲ್ಲುತ್ತದೆ. ಸಾಚಾ ವ್ಯವಹಾರಗಳು ಅಷ್ಟೇ ಇರುವುದರಿಂದ ಸುಳ್ಳು ಎಚ್ಚರಿಕೆಗಳೂ ಮೊದಲಿನಂತೆ 25, ಆದರೆ ಪ್ರಿಸಿಷನ್ ಶೇ 76.2ರಿಂದ 61.5ಕ್ಕೆ ಕುಸಿಯುತ್ತದೆ. ಮಾದರಿ ಕೆಟ್ಟಿತು ಎಂದು ತೀರ್ಮಾನಿಸುವ ಮೊದಲು ವಂಚನೆಯ ದರವನ್ನು ನೋಡಬೇಕು, ಅದಕ್ಕಾಗಿ ಪ್ರಿಸಿಷನ್ ಅನ್ನು ಎಲ್ಲಿ ಬರೆದರೂ ಅದರ ಪಕ್ಕದಲ್ಲೇ ಆ ಅವಧಿಯ ವಂಚನೆಯ ದರವನ್ನೂ ಬರೆದಿಡಬೇಕು.